‘ರೇಟ್ ಎಷ್ಟು ಅಕ್ಕ?’: ಒಂದು ಉತ್ತರವನ್ನು ಬಿಚ್ಚಿ ಜೋಡಿಸಿದ ಕಥೆ

ಆಷಾಢದಲ್ಲಿ ಮದುವೆಗಳಿಲ್ಲ. ಬ್ರಷ್‌ಗಳನ್ನೆಲ್ಲ ತೊಳೆದು ಒಣಗಿಸಿ, ಪೆಟ್ಟಿಗೆಯ ತಳದಲ್ಲಿ ಸೇರಿಕೊಂಡಿದ್ದ ಹೇರ್‌ಪಿನ್ನುಗಳನ್ನು ಆರಿಸಿ ಡಬ್ಬಿಗೆ ಹಾಕಿದ ಮೇಲೆ, ಇಡೀ ವರ್ಷ ಮುಂದಕ್ಕೆ ತಳ್ಳುತ್ತ ಬಂದಿದ್ದ ಒಂದು ದುರಸ್ತಿಗೆ ಈ ಬಾರಿ ಕೈಹಾಕಿದೆ. ಕೆಟ್ಟಿದ್ದದ್ದು ಯಂತ್ರವಲ್ಲ, ಬೆಲೆ ಕೇಳಿ ಸಂದೇಶ ಕಳಿಸುವವರಿಗೆ ನಾವು ಕೊಡುತ್ತಿದ್ದ ಉತ್ತರ. ನಾನು ತುಮಕೂರಿನ ಬಟವಾಡಿಯಲ್ಲಿದ್ದುಕೊಂಡು ಮದುಮಗಳ ಮೇಕಪ್ ಮಾಡುತ್ತೇನೆ. ಛತ್ರದಲ್ಲಿ ನನ್ನ ಎರಡೂ ಕೈಗಳಿಗೆ ಕೆಲಸವಿರುವಾಗ ಇನ್‌ಸ್ಟಾಗ್ರಾಂ ಮತ್ತು ವಾಟ್ಸಾಪ್‌ಗೆ ಬರುವ ಸಂದೇಶಗಳಿಗೆ ನನ್ನ ತಂಗಿ ಉತ್ತರಿಸುತ್ತಾಳೆ. ಬರುವ ಸಂದೇಶ ಹೆಚ್ಚುಕಡಿಮೆ ಯಾವಾಗಲೂ ಒಂದೇ: ‘ರೇಟ್ ಎಷ್ಟು ಅಕ್ಕ?’ ನಾವು ಉತ್ತರ ಕಳಿಸುತ್ತಿದ್ದೆವು, ಅವರು ಓದಿದ ಗುರುತಾಗಿ ಎರಡು ನೀಲಿ ಗೆರೆಗಳು ಮೂಡುತ್ತಿದ್ದವು, ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ದೋಷ ಎಲ್ಲಿದೆ ಎಂದು ತಿಳಿಯದೆ ಉತ್ತರವನ್ನು ಬದಲಿಸುವುದು ಬೇಡವೆನಿಸಿತು. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಪ್ರತಿ ಮಾತುಕತೆಗೂ ಬಣ್ಣದ ಲೇಬಲ್ ಅಂಟಿಸುವ ಸೌಲಭ್ಯವಿದೆ. ಹಿಂದಿನ ಮದುವೆ ಕಾಲದ 40 ಮಾತುಕತೆಗಳನ್ನು ಮತ್ತೆ ತೆರೆದು ಓದಿ, ಪ್ರತಿಯೊಂದೂ ಎಲ್ಲಿ ನಿಂತಿತೋ ಅದಕ್ಕೆ ತಕ್ಕಂತೆ ‘ಬೆಲೆ ಕೇಳಿದರು’, ‘ದಿನ ಹೇಳಿದರು’, ‘ಮುಂಗಡ ಬಾಕಿ’, ‘ಖಚಿತ’ ಎಂಬ ನಾಲ್ಕು ಲೇಬಲ್‌ಗಳಲ್ಲಿ ಒಂದನ್ನು ಹಚ್ಚಿದೆವು. ಆ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. 27 ಮಾತುಕತೆಗಳು ಮೊದಲ ಲೇಬಲ್‌ನಲ್ಲೇ ಉಳಿದಿದ್ದವು, ಎಂದರೆ ನಮ್ಮ ಮೊದಲ ಉತ್ತರದ ನಂತರ ಅವರು ಒಂದಕ್ಷರವನ್ನೂ ಬರೆದಿರಲಿಲ್ಲ. ದಿನಾಂಕ ಹೇಳಿದವರಲ್ಲಿ ಮುಕ್ಕಾಲು ಪಾಲು ಜನ ಕೊನೆಗೆ ಮುಂಗಡ ಕೊಟ್ಟಿದ್ದರು. ನಮ್ಮ ಬೆಲೆಯೇ ಹೆಚ್ಚೆಂದು ಅಲ್ಲಿಯವರೆಗೆ ನಾನು ನಂಬಿದ್ದೆ. ಆದರೆ ಅದೇ ಬೆಲೆಯನ್ನು ಓದಿಯೂ ದಿನಾಂಕ ಹೇಳಿದವರು ನಿಲ್ಲುತ್ತಿದ್ದಾರೆ ಎಂದ ಮೇಲೆ, ಬೆಲೆಗೂ ದಿನಾಂಕಕ್ಕೂ ನಡುವಿನ ಆ ಒಂದು ಮೆಟ್ಟಿಲನ್ನೇ ಸರಿಪಡಿಸಬೇಕು ಎನ್ನುವುದು ಸ್ಪಷ್ಟವಾಯಿತು.

ಹಳೆಯ ಉತ್ತರವನ್ನು ಗ್ರಾಹಕರು ನೋಡುವಂತೆಯೇ ನೋಡಲು ತಂಗಿಯ ಫೋನಿನಿಂದ ನನ್ನ ಸ್ವಂತ ನಂಬರಿಗೆ ಕಳಿಸಿಕೊಂಡೆ. ಫೋನಿನ ಪರದೆಯ ಮೇಲಿನ ಸೂಚನೆಯಲ್ಲಿ ಕಾಣಿಸಿದ್ದು ಇಷ್ಟೇ: ‘ನಮಸ್ಕಾರ, ನಮ್ಮನ್ನು ಸಂಪರ್ಕಿಸಿದ್ದಕ್ಕಾಗಿ ತುಂಬು ಹೃದಯದ ಧನ್ಯವಾದಗಳು, ನಾವು ಮದುಮಗಳ...’ ಕೇಳಿದ್ದು ಬೆಲೆ, ಕಂಡದ್ದು ಧನ್ಯವಾದ. ತೆರೆದರೆ ಇಪ್ಪತ್ತಕ್ಕೂ ಹೆಚ್ಚು ಸಾಲುಗಳ ದರಪಟ್ಟಿ. ನಿಶ್ಚಿತಾರ್ಥ, ಸೀಮಂತ, ಎಚ್‌ಡಿ ಮೇಕಪ್, ಏರ್‌ಬ್ರಷ್ ಎಂದು ನಾನು ಮಾಡಬಲ್ಲ ಎಲ್ಲವೂ ಅದರಲ್ಲಿದ್ದವು. ಸಂದೇಶ ಉದ್ದವಾದಾಗ ವಾಟ್ಸಾಪ್ ಉಳಿದ ಭಾಗವನ್ನು ಮಡಿಸಿಟ್ಟು ‘ಇನ್ನಷ್ಟು ಓದಿ’ ಎಂದು ತೋರಿಸುತ್ತದೆ. ಮದುಮಗಳ ಮೇಕಪ್‌ನ ಬೆಲೆ ಆ ಮಡಿಕೆಯ ಕೆಳಗೆ ಕೂತಿತ್ತು. ಇಷ್ಟಾದ ಮೇಲೆ ಕೊನೆಯ ಸಾಲು ‘ಹೆಚ್ಚಿನ ಮಾಹಿತಿಗೆ ಕರೆ ಮಾಡಿ’. ರಾತ್ರಿ ಹತ್ತೂವರೆಗೆ ಹಾಸಿಗೆಯಲ್ಲಿ ಮಲಗಿ ಸಂದೇಶ ಕಳಿಸಿದ ಹುಡುಗಿ, ಮನೆಯವರೆಲ್ಲ ಮಲಗಿರುವಾಗ ಯಾರಿಗೆ ಕರೆ ಮಾಡುತ್ತಾಳೆ?

ಮೊದಲ ದುರಸ್ತಿಯಲ್ಲಿ ನಾನು ತಪ್ಪು ಮಾಡಿದೆ. ಎಲ್ಲ ವಿವರ ಸಿಕ್ಕರೆ ಸರಿಯಾದ ಮೊತ್ತವನ್ನೇ ಹೇಳಬಹುದಲ್ಲ ಎಂದುಕೊಂಡು, ಬೆಲೆಯನ್ನೇ ತೆಗೆದು ಐದು ಪ್ರಶ್ನೆಗಳನ್ನು ಹಾಕಿದೆ: ಯಾವ ದಿನ, ಎಷ್ಟು ಗಂಟೆಗೆ, ಯಾವ ಛತ್ರ, ಎಷ್ಟು ಜನ, ಯಾವ ರೀತಿಯ ಮೇಕಪ್. ಒಂದು ವಾರ ಅದನ್ನೇ ಕಳಿಸಿದೆವು. ಒಬ್ಬಾಕೆ ಮಾತ್ರ ಐದಕ್ಕೂ ಉತ್ತರ ಬರೆದರು. ಇನ್ನೊಬ್ಬರು ‘ಅಕ್ಕ, ಮೊದ್ಲು ರೇಟ್ ಹೇಳಿ’ ಎಂದು ನೇರವಾಗಿಯೇ ಬರೆದರು, ಉಳಿದವರು ಏನೂ ಬರೆಯಲಿಲ್ಲ. ಬೆಲೆ ಕೇಳಿದಾಗ ಪ್ರಶ್ನೆಯನ್ನು ತಿರುಗಿಸಿ ಕೊಟ್ಟರೆ, ನಮ್ಮ ಜೇಬು ನೋಡಿ ಬೆಲೆ ಹೇಳುತ್ತಾರೆ ಎಂಬ ಅನುಮಾನ ಜನರಿಗೆ ಬರುವುದು ಸಹಜ. ಸೀರೆ ಅಂಗಡಿಯಲ್ಲಿ ನನಗೂ ಹಾಗೆಯೇ ಅನ್ನಿಸುತ್ತದೆ.

ಇವೆರಡನ್ನೂ ಬದಿಗಿಟ್ಟು ಮೂರನೆಯದನ್ನು ಬರೆದಾಗ ಎರಡು ನಿಯಮ ಹಾಕಿಕೊಂಡೆ. ಮೊದಲ ಸಾಲಿನಲ್ಲೇ ಅಂಕಿ ಇರಬೇಕು, ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ ಇರಬೇಕು. ಆ ಪ್ರಶ್ನೆ ದಿನಾಂಕದ್ದೇ ಆಗಿರಬೇಕು ಎನ್ನುವುದಕ್ಕೆ ಈ ಕಸುಬಿನೊಳಗೇ ಕಾರಣವಿದೆ. ಮದುಮಗಳ ಮೇಕಪ್, ಹೇರ್‌ಸ್ಟೈಲ್, ಸೀರೆ ಉಡಿಸುವುದು ಎಲ್ಲ ಸೇರಿ ನನಗೆ ಎರಡೂವರೆ ಗಂಟೆ ಬೇಕು. ಮುಹೂರ್ತಗಳು ಬಹುಪಾಲು ಬೆಳಗಿನ ಹೊತ್ತಿನಲ್ಲೇ ಬರುವುದರಿಂದ ಒಂದು ಬೆಳಿಗ್ಗೆ ಒಬ್ಬ ಮದುಮಗಳನ್ನು ಬಿಟ್ಟು ಇನ್ನೊಬ್ಬಳನ್ನು ಒಪ್ಪಿಕೊಳ್ಳಲು ಆಗುವುದಿಲ್ಲ. ಎಂದರೆ ನನ್ನ ಬಳಿ ಮಾರಲು ಇರುವುದು ನಿಜಕ್ಕೂ ಬೆಳಗುಗಳು. ‘ಆ ದಿನ ಬಿಡುವಿದೆಯೇ ನೋಡುತ್ತೇನೆ’ ಎಂಬ ಮಾತು ಇಲ್ಲಿ ವ್ಯಾಪಾರದ ತಂತ್ರವಲ್ಲ, ನಿಜ. ಮದುಮಗಳಿಗೂ ತನ್ನ ಮದುವೆಯ ದಿನಾಂಕವನ್ನು ಹೇಳಲು ಯೋಚಿಸಬೇಕಾಗಿಲ್ಲ, ಬೇಸರವೂ ಇಲ್ಲ.

```
ನಮಸ್ಕಾರ, ಮದುಮಗಳ ಮೇಕಪ್ 8,000 ರೂ.ನಿಂದ ಆರಂಭ.
ಹೇರ್‌ಸ್ಟೈಲ್, ಸೀರೆ ಉಡಿಸುವುದು ಇದರಲ್ಲೇ ಸೇರಿದೆ.
ಆರತಕ್ಷತೆಯೂ ಇದ್ದರೆ ಎರಡೂ ಸೇರಿ 14,000 ರೂ.
ಧಾರೆ ಮುಹೂರ್ತ ಯಾವ ದಿನ? ಆ ದಿನ ನನಗೆ
ಬಿಡುವಿದೆಯೇ ಎಂದು ನೋಡಿ ಹೇಳುತ್ತೇನೆ.
```

ಇದರಲ್ಲಿ ‘ಮದುವೆ ಯಾವ ದಿನ’ ಎಂದು ಕೇಳದೆ ‘ಧಾರೆ ಮುಹೂರ್ತ ಯಾವ ದಿನ’ ಎಂದು ಕೇಳಿರುವುದರ ಹಿಂದೆ ಒಂದು ಪೆಟ್ಟು ತಿಂದ ಅನುಭವವಿದೆ. ನಮ್ಮ ಕಡೆ ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಮನೆಯವರು ‘ಮದುವೆ’ ಎಂದಾಗ ಒಬ್ಬರು ಮೊದಲನೆಯದನ್ನು ಹೇಳುತ್ತಾರೆ, ಇನ್ನೊಬ್ಬರು ಎರಡನೆಯದನ್ನು. ಒಂದು ವರ್ಷ ಒಬ್ಬರು ಹೇಳಿದ ತಾರೀಕನ್ನು ನಾನು ಮುಹೂರ್ತವೆಂದು ಬರೆದುಕೊಂಡಿದ್ದೆ, ಅದು ಆರತಕ್ಷತೆಯ ತಾರೀಕಾಗಿತ್ತು. ಅವರ ನಿಜವಾದ ಮುಹೂರ್ತದ ಬೆಳಿಗ್ಗೆಗೆ ಅಷ್ಟರಲ್ಲಿ ಗುಬ್ಬಿಯ ಇನ್ನೊಂದು ಮನೆಗೆ ಮಾತು ಕೊಟ್ಟಾಗಿತ್ತು. ಪರಿಚಯದ ಮತ್ತೊಬ್ಬ ಮೇಕಪ್ ಕಲಾವಿದೆಯ ಕೈಕಾಲು ಹಿಡಿದು, ನನ್ನ ಲಾಭವನ್ನು ಬಿಟ್ಟುಕೊಟ್ಟು ಅದನ್ನು ದಾಟಿದೆ. ಪದವೊಂದನ್ನು ಬದಲಿಸಿದ ಮೇಲೆ ಆ ಗೊಂದಲ ಮತ್ತೆ ಬಂದಿಲ್ಲ.

ಇನ್ನು ‘8,000ದಿಂದ ಆರಂಭ’ ಎಂಬುದರ ಬಗ್ಗೆ ಒಂದು ಎಚ್ಚರಿಕೆ. ಆರಂಭದ ಬೆಲೆ ಎನ್ನುವುದು ಯಾರಿಗೂ ಸಿಗದ ಬೆಲೆಯಾಗಿರಬಾರದು. ತುಮಕೂರು ಪಟ್ಟಣದೊಳಗೆ, ಮುಹೂರ್ತಕ್ಕೆ ಮಾತ್ರ ಕರೆಯುವವರಿಗೆ ನಾನು ಅಷ್ಟಕ್ಕೇ ಮಾಡಿಕೊಡುತ್ತೇನೆ. ತಂಗಿ 5,000 ಎಂದು ಹಾಕೋಣ, ಹೆಚ್ಚು ಜನ ಉತ್ತರಿಸುತ್ತಾರೆ ಎಂದಳು. ಉತ್ತರಿಸುತ್ತಾರೆ, ನಿಜ. ಆದರೆ ಮೂರನೆಯ ಸಂದೇಶದಲ್ಲಿ ಮೊತ್ತ ಮೂರು ಪಟ್ಟಾದಾಗ ಅದೇ ಜನ ಮುನಿಸಿಕೊಂಡು ಹೋಗುತ್ತಾರೆ, ಅಕ್ಕಪಕ್ಕದವರಿಗೂ ಹೇಳುತ್ತಾರೆ.

ಮೊದಲ ಉತ್ತರ ಸರಿಹೋದ ಮೇಲೆ ಉಳಿದ ಮೂರನ್ನು ಬರೆಯಲು ಕಷ್ಟವಾಗಲಿಲ್ಲ. ಅವು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಶ್ರಾವಣದ ಮೊದಲ ವಾರ ನಡೆದ ಒಂದು ಮಾತುಕತೆಯಿಂದಲೇ ತೋರಿಸುತ್ತೇನೆ. ಒಬ್ಬ ಹುಡುಗಿ ರಾತ್ರಿ 10:40ಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡಿ ಬೆಲೆ ಕೇಳಿದ್ದಳು. ಮೇಲಿನ ಉತ್ತರ ಹೋಯಿತು. ಎರಡೇ ನಿಮಿಷದಲ್ಲಿ ‘ನವೆಂಬರ್ 23’ ಎಂದು ಬಂತು. ತಂಗಿ ಗೋಡೆಯ ಕ್ಯಾಲೆಂಡರ್ ನೋಡಿ ಹೀಗೆ ಬರೆದಳು:

```
ನವೆಂಬರ್ 23ರ ಬೆಳಿಗ್ಗೆ ಬಿಡುವಿದೆ.
ಹಿಂದಿನ ಸಂಜೆ ಆರತಕ್ಷತೆಗೂ ನಾನೇ ಬರಬೇಕೇ?
ಛತ್ರ ಯಾವ ಊರಿನಲ್ಲಿ?
```

ಇಲ್ಲಿ ಎರಡು ಪ್ರಶ್ನೆಗಳಿವೆ, ಏಕೆಂದರೆ ಇವೆರಡೂ ಗೊತ್ತಾಗದೆ ಮೊತ್ತ ಹೇಳಲು ಬರುವುದಿಲ್ಲ. ಒಮ್ಮೆ ದಿನಾಂಕ ಹೇಳಿ ‘ಬಿಡುವಿದೆ’ ಎಂಬ ಮಾತು ಕೇಳಿದವರು ಎರಡಕ್ಕೂ ಉತ್ತರಿಸುತ್ತಾರೆ. ಆರತಕ್ಷತೆಯೂ ಇದೆ, ಛತ್ರ ಶಿರಾದಲ್ಲಿ, ಅಮ್ಮನಿಗೂ ಅತ್ತಿಗೆಗೂ ಮಾಡಬೇಕು, ಮುಹೂರ್ತ ಬೆಳಿಗ್ಗೆ ಏಳೂವರೆಯಿಂದ ಎಂದು ಆಕೆ ಬರೆದಳು. ಶಿರಾ ಇಲ್ಲಿಂದ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಏಳೂವರೆಯ ಮುಹೂರ್ತವೆಂದರೆ ಮದುಮಗಳು ಏಳಕ್ಕೆ ಸಿದ್ಧಳಾಗಿರಬೇಕು, ನಾನು ನಾಲ್ಕೂವರೆಗೆ ಕೈಹಾಕಬೇಕು. ಆದ್ದರಿಂದ ಹಿಂದಿನ ರಾತ್ರಿ ಛತ್ರದಲ್ಲೇ ಉಳಿಯುವುದೆಂದು ಆಯಿತು. ಮೂರನೆಯ ಸಂದೇಶ ಇದು:

```
ನವೆಂಬರ್ 22 ಸಂಜೆ ಮತ್ತು 23 ಬೆಳಿಗ್ಗೆ, ಶಿರಾ
ಮದುಮಗಳಿಗೆ ಆರತಕ್ಷತೆ ಮತ್ತು ಮುಹೂರ್ತ: 14,000
ಹೋಗಿಬರುವ ಖರ್ಚು: 1,500
ಮನೆಯವರು ಇಬ್ಬರು, ಮುಹೂರ್ತಕ್ಕೆ: 3,000
ಒಟ್ಟು: 18,500 ರೂ. ಬೇರೆ ಖರ್ಚಿಲ್ಲ.
ರಾತ್ರಿ ಛತ್ರದಲ್ಲಿ ನನಗೊಂದು ಜಾಗ ಬೇಕು.
ಮನೆಯಲ್ಲಿ ಮಾತಾಡಿಕೊಳ್ಳಿ. ಗುರುವಾರ ರಾತ್ರಿಯವರೆಗೆ
ಈ ದಿನವನ್ನು ನಿಮಗಾಗಿ ಇಟ್ಟಿರುತ್ತೇನೆ.
```

ನನಗೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಈ ಸಂದೇಶ. ಬೆಲೆ ಕೇಳುವವಳು ಮದುಮಗಳು, ಹಣ ಕೊಡುವವರು ಅವಳ ಅಪ್ಪ, ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅಮ್ಮ ಮತ್ತು ಚಿಕ್ಕಮ್ಮ. ಎಂದರೆ ಈ ಸಂದೇಶವನ್ನು ಆಕೆ ಮನೆಯ ಗುಂಪಿಗೆ ಹಾಕುತ್ತಾಳೆ, ಅಲ್ಲಿ ನಮ್ಮ ಹಿಂದಿನ ಮಾತುಕತೆ ಯಾರಿಗೂ ಕಾಣಿಸುವುದಿಲ್ಲ. ಹೀಗಾಗಿ ದಿನ, ಊರು, ಯಾರಿಗೆ ಏನು ಎಂಬುದೆಲ್ಲ ಮತ್ತೊಮ್ಮೆ ಇದರೊಳಗೇ ಇರಬೇಕು. ಮೊದಲು ಬರೀ ‘ಒಟ್ಟು 18,500 ಆಗುತ್ತದೆ’ ಎಂದು ಕಳಿಸುತ್ತಿದ್ದಾಗ, ಗುಂಪಿನಲ್ಲಿ ಯಾರೋ ಹಿರಿಯರು ‘ಒಂದು ಮೇಕಪ್ಪಿಗೆ ಹದಿನೆಂಟೂವರೆ ಸಾವಿರವಾ?’ ಎಂದು ಕೇಳಿದ ಮೇಲೆ ಮಾತು ಮುರಿದುಬಿದ್ದಿತ್ತೆಂದು ಒಬ್ಬ ಹುಡುಗಿ ಆಮೇಲೆ ಹೇಳಿದಳು. ನಾಲ್ಕು ಮೇಕಪ್ ಮತ್ತು ಒಂದು ಪ್ರಯಾಣದ ಮೊತ್ತ ಅದೆಂದು ಆ ಹಿರಿಯರಿಗೆ ಹೇಗೆ ತಿಳಿಯಬೇಕು? ‘ಮನೆಯಲ್ಲಿ ಮಾತಾಡಿಕೊಳ್ಳಿ’ ಎಂಬ ಸಾಲನ್ನೂ ಅದಕ್ಕೇ ಸೇರಿಸಿದೆ. ‘ಈಗಲೇ ಬುಕ್ ಮಾಡಿ’ ಎಂದು ಬರೆದರೆ, ಆಕೆಗೆ ಒಬ್ಬಳೇ ಮಾಡಲಾಗದ ಕೆಲಸವನ್ನು ಮಾಡು ಎಂದಂತೆ ಆಗುತ್ತದೆ, ಆಕೆ ಸುಮ್ಮನಾಗುತ್ತಾಳೆ. ಮಾತಾಡಿಕೊಳ್ಳಲು ಎರಡು ದಿನ ಕೊಟ್ಟು ಗಡುವಿನ ದಿನವನ್ನೂ ಬರೆದರೆ, ಮನೆಯಲ್ಲಿ ವಿಷಯ ಎತ್ತಲು ಆಕೆಗೊಂದು ನೆಪವಾಗುತ್ತದೆ.

ಆ ಗಡುವು ಸುಳ್ಳಾಗಿರಬಾರದು. ಅದೇ ದಿನಕ್ಕೆ ಮತ್ತೊಬ್ಬರು ಕೇಳಿದರೆ ಗುರುವಾರದವರೆಗೆ ಅವರನ್ನು ಕಾಯಿಸಬೇಕು, ಗುರುವಾರ ಕಳೆದ ಮೇಲೆ ದಿನವನ್ನು ಬಿಡಬೇಕು. ಕ್ಯಾಲೆಂಡರಿನಲ್ಲಿ ಇಟ್ಟ ದಿನಗಳನ್ನು ಪೆನ್ಸಿಲ್‌ನಲ್ಲೂ ಖಚಿತವಾದವನ್ನು ಕೆಂಪು ಪೆನ್ನಿನಲ್ಲೂ ಬರೆಯುವ ಪದ್ಧತಿ ಅಂದಿನಿಂದ ಬಂತು.

ಮರುದಿನ ಸಂಜೆ ಆ ಹುಡುಗಿಯ ತಾಯಿಯೇ ಬರೆದರು: ‘ಸ್ವಲ್ಪ ಕಡಿಮೆ ಮಾಡ್ಕೊಳಮ್ಮ.’ ಇದಕ್ಕೂ ಒಂದು ಸಿದ್ಧ ಉತ್ತರ ಇಟ್ಟಿದ್ದೇನೆ, ಆದರೆ ಅದನ್ನು ಒಂದೇ ರೀತಿಯಲ್ಲಿ ಕಳಿಸುವುದಿಲ್ಲ. ಮೊತ್ತವನ್ನು ಹಾಗೆಯೇ ಇಳಿಸಿದರೆ ಮೊದಲು ಹೇಳಿದ್ದು ಹುಸಿ ಬೆಲೆ ಎಂದಾಗುತ್ತದೆ. ಆದ್ದರಿಂದ ಬೆಲೆಯನ್ನಲ್ಲ, ಕೆಲಸವನ್ನು ಕಡಿಮೆ ಮಾಡುವ ದಾರಿ ತೋರಿಸುತ್ತೇನೆ. ‘ನಿಮಗೂ ಅತ್ತಿಗೆಯವರಿಗೂ ಸೀರೆ ಉಡಿಸಿ ಜಡೆ ಹಾಕುವುದು ಮಾತ್ರ ಸಾಕೆಂದರೆ ಇಬ್ಬರಿಗೆ 3,000ದ ಬದಲು 1,600 ಆಗುತ್ತದೆ, ಒಟ್ಟು 17,100’ ಎಂದು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು ‘ಬೇಡ, ಮೊದ್ಲು ಹೇಳಿದ್ದೇ ಇರ್ಲಿ’ ಎಂದರು. ಚೌಕಾಸಿ ಮಾಡುವವರಲ್ಲಿ ಹಲವರಿಗೆ ಬೇಕಾಗಿರುವುದು ರಿಯಾಯಿತಿಗಿಂತ, ಹೆಚ್ಚು ಕೊಟ್ಟು ಮೋಸಹೋಗಲಿಲ್ಲ ಎಂಬ ಸಮಾಧಾನ ಎಂದು ನನಗೆ ತೋರುತ್ತದೆ. ಎಲ್ಲರೂ ಹಾಗಲ್ಲ. ನಿಜಕ್ಕೂ ಹಣ ಕಡಿಮೆ ಇರುವವರು ಸೀರೆ ಮತ್ತು ಜಡೆಯ ದಾರಿಯನ್ನೇ ಹಿಡಿಯುತ್ತಾರೆ, ಅದೂ ಸರಿಯೇ.

ನಾಲ್ಕನೆಯದು ಮುಂಗಡದ ಸಂದೇಶ. ಮದುವೆ ಮುಂದೂಡಿದರೆ ಕೊಟ್ಟ ಹಣ ಹೋಯಿತೇ ಎಂಬ ಭಯ ಎಲ್ಲರಿಗೂ ಇರುತ್ತದೆ, ಕೇಳಲು ಮಾತ್ರ ಯಾರೂ ಬಾಯಿ ತೆರೆಯುವುದಿಲ್ಲ. ಅದಕ್ಕಾಗಿ ನಾನು ‘ಸೂತಕ ಬಂದು ಮದುವೆ ಮುಂದೆ ಹೋದರೆ ಮುಂಗಡ ಹೊಸ ದಿನಕ್ಕೆ ಸಲ್ಲುತ್ತದೆ’ ಎಂದು ಬರೆದಿಟ್ಟೆ. ಅಡುಗೆಮನೆಯಿಂದ ಬಂದು ಅದನ್ನು ಓದಿದ ಅಮ್ಮ ಫೋನನ್ನು ಮೇಜಿನ ಮೇಲೆ ಕುಕ್ಕಿದರು. ‘ಮದುವೆ ಮನೆಗೆ ಕಳಿಸೋ ಮಾತಲ್ಲಿ ಸೂತಕ ಅಂತ ಬರೀತಾರೇನೆ?’ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಅದು ಹೀಗಿದೆ:

```
ಮುಂಗಡ 4,000 ರೂ. ಬಂದ ಕೂಡಲೇ ದಿನ ಖಚಿತ.
ಬಾಕಿ 14,500 ರೂ. ಆರತಕ್ಷತೆಯ ಸಂಜೆ.
ಕಾರಣಾಂತರದಿಂದ ದಿನ ಬದಲಾದರೆ, ಹೊಸ ದಿನ
ನನಗೆ ಬಿಡುವಿದ್ದಲ್ಲಿ ಇದೇ ಮುಂಗಡ ಅದಕ್ಕೆ ಸಲ್ಲುತ್ತದೆ.
```

ಬಾಕಿಯನ್ನು ಆರತಕ್ಷತೆಯ ಸಂಜೆಗೆ ಇಟ್ಟಿರುವುದಕ್ಕೂ ಕಾರಣವಿದೆ. ಧಾರೆಯ ಬೆಳಿಗ್ಗೆ ಮದುಮಗಳ ಅಪ್ಪನನ್ನು ಹಣ ಕೇಳುವುದು ನನಗೂ ಮುಜುಗರ, ಅವರಿಗೂ ತೊಂದರೆ. ಇದರ ಜೊತೆಗೆ ಯುಪಿಐ ಕ್ಯೂಆರ್ ಚಿತ್ರ ಹೋಗುತ್ತದೆ. ಹಣ ಬಂದಿದೆ ಎನ್ನುವುದನ್ನು ಅವರು ಕಳಿಸುವ ಸ್ಕ್ರೀನ್‌ಶಾಟ್ ನೋಡಿ ಒಪ್ಪಿಕೊಳ್ಳುವುದಿಲ್ಲ, ನನ್ನ ಬ್ಯಾಂಕ್ ಖಾತೆಯಲ್ಲಿ ಜಮೆಯಾದ ಮೇಲೆಯೇ ಕೆಂಪು ಪೆನ್ನು. ಒಮ್ಮೆ ಯಾರೋ ‘ಮುಂಗಡ ಕಳಿಸುತ್ತಿದ್ದೇನೆ, ನಿಮ್ಮ ಪಿನ್ ಹಾಕಿ’ ಎಂದು ತಂಗಿಗೆ ಒಂದು ಕೋರಿಕೆ ಕಳಿಸಿದ್ದರು. ಹಣ ಪಡೆಯಲು ಪಿನ್ ಬೇಕಾಗಿಲ್ಲ, ಪಿನ್ ಹಾಕಿದರೆ ಹೋಗುವುದು ನಮ್ಮ ಹಣ. ಅವಳಿಗೆ ಅದು ಗೊತ್ತಿತ್ತು, ಪುಣ್ಯ.

ಈ ನಾಲ್ಕನ್ನೂ ಫೋನಿನಲ್ಲಿ ಕೂರಿಸುವ ಕೆಲಸ ಸುಲಭದ್ದು. ವಾಟ್ಸಾಪ್ ಬಿಸಿನೆಸ್‌ನ ಬಿಸಿನೆಸ್ ಟೂಲ್ಸ್‌ನಲ್ಲಿ ಕ್ವಿಕ್ ರಿಪ್ಲೈ ಎಂಬ ಜಾಗವಿದೆ. ಅಲ್ಲಿ ಪ್ರತಿ ಸಂದೇಶವನ್ನೂ ಒಂದು ಚಿಕ್ಕ ಹೆಸರಿನಲ್ಲಿ ಉಳಿಸಿಟ್ಟರೆ, ಉತ್ತರಿಸುವಾಗ ಓರೆಗೆರೆ ಹಾಕಿದ ಕೂಡಲೇ ಪಟ್ಟಿ ತೆರೆದುಕೊಳ್ಳುತ್ತದೆ. ನಮ್ಮವು ಇವು:

```
/bele   ಬೆಲೆ ಮತ್ತು ದಿನಾಂಕದ ಪ್ರಶ್ನೆ
/dina   ಬಿಡುವಿದೆ, ಊರು ಯಾವುದು
/ottu   ಒಟ್ಟು ಲೆಕ್ಕ ಮತ್ತು ಗಡುವು
/munga  ಮುಂಗಡ
```

ಇನ್‌ಸ್ಟಾಗ್ರಾಂನಲ್ಲೂ ಖಾತೆ ವೃತ್ತಿಪರ ಬಗೆಯದಾಗಿದ್ದರೆ ಸೇವ್ಡ್ ರಿಪ್ಲೈ ಎಂಬ ಹೆಸರಿನಲ್ಲಿ ಇದೇ ಅನುಕೂಲವಿದೆ. ಅಲ್ಲಿ ನಮಗೆ ಗೊತ್ತಿಲ್ಲದವರ ಸಂದೇಶಗಳು ಬೇರೆಯದೇ ಆದ ಕೋರಿಕೆಗಳ ವಿಭಾಗಕ್ಕೆ ಹೋಗಿ ಕೂರುವುದುಂಟು. ಉತ್ತರ ಎಷ್ಟು ಚೆನ್ನಾಗಿದ್ದರೂ ಆ ವಿಭಾಗವನ್ನು ದಿನಕ್ಕೆರಡು ಬಾರಿ ತೆರೆದು ನೋಡದಿದ್ದರೆ ಪ್ರಯೋಜನವಿಲ್ಲ.

ಕೂರಿಸಿದ ಮೂರನೇ ದಿನವೇ ಒಂದು ಎಡವಟ್ಟಾಯಿತು. ಮೂರನೆಯ ಮಾದರಿಯಲ್ಲಿ ತುಂಬಬೇಕಾದ ಜಾಗಗಳನ್ನು ಖಾಲಿ ಗೆರೆಗಳಾಗಿ ಬಿಟ್ಟಿದ್ದೆ. ತಂಗಿ ಅವಸರದಲ್ಲಿ ಒಂದು ಗೆರೆಯನ್ನು ತುಂಬದೆ ಕಳಿಸಿದಳು. ‘ಒಟ್ಟು: ____ ರೂ. ಬೇರೆ ಖರ್ಚಿಲ್ಲ’ ಎಂದು ಓದಿದ ಕುಣಿಗಲ್‌ನ ಒಬ್ಬರು ‘ಹಾಗಾದ್ರೆ ಫ್ರೀನಾ ಮೇಡಂ?’ ಎಂದು ನಗುವ ಮುಖ ಹಾಕಿದರು. ಅವರು ನಕ್ಕಿದ್ದರಿಂದ ಬಚಾವಾದೆವು. ಖಾಲಿ ಗೆರೆ ಕಣ್ಣಿಗೆ ಬೀಳುವುದಿಲ್ಲವೆಂದು ಈಗ ಅಲ್ಲೆಲ್ಲ ‘★★ಮೊತ್ತ★★’, ‘★★ಊರು★★’ ಎಂದು ಬರೆದಿಟ್ಟಿದ್ದೇವೆ. ನಕ್ಷತ್ರ ಉಳಿದಿದ್ದರೆ ಕಳಿಸುವ ಗುಂಡಿ ಒತ್ತಬಾರದು ಎಂಬುದು ಮನೆಯ ಕಾನೂನು.

ಗಡುವು ಮುಗಿಯುವ ದಿನ ಮಧ್ಯಾಹ್ನ ಒಂದೇ ಒಂದು ನೆನಪಿನ ಸಂದೇಶ ಕಳಿಸುತ್ತೇವೆ: ‘ಇವತ್ತು ರಾತ್ರಿಯವರೆಗೆ ದಿನ ನಿಮ್ಮದೇ, ಬೇಡವೆಂದರೆ ಒಂದು ಮಾತು ತಿಳಿಸಿ, ಬೇಸರವಿಲ್ಲ.’ ‘ಬೇಡ’ ಎನ್ನಲು ದಾರಿ ಬಿಟ್ಟ ಮೇಲೆ, ಸುಮ್ಮನಿರುತ್ತಿದ್ದವರು ಕಾರಣ ಹೇಳಲು ಶುರುಮಾಡಿದರು. ಶಿರಾದ ಆ ತಾಯಿ ಗುರುವಾರ ಬೆಳಿಗ್ಗೆಯೇ ಮುಂಗಡ ಕಳಿಸಿದ್ದರಿಂದ ಅವರಿಗೆ ಇದು ಬೇಕಾಗಲಿಲ್ಲ. ಎರಡನೆಯ ನೆನಪು ಕಳಿಸುವುದನ್ನು ನಿಲ್ಲಿಸಿದ್ದೇನೆ. ಹಾಗೆ ಕಳಿಸಿದ್ದಕ್ಕೆ ಇಬ್ಬರು ನಮ್ಮನ್ನು ಬ್ಲಾಕ್ ಮಾಡಿದ್ದರು.

ಹೊಸ ಮಾದರಿಯ ನಂತರದ 40 ಮಾತುಕತೆಗಳಿಗೂ ಅದೇ ಲೇಬಲ್‌ಗಳನ್ನು ಹಚ್ಚಿ ನೋಡಿದೆವು. ಮೊದಲ ಲೇಬಲ್‌ನಲ್ಲಿ ಉಳಿದವರು 27ರಿಂದ 15ಕ್ಕೆ ಇಳಿದಿದ್ದಾರೆ. ಶ್ರಾವಣದಲ್ಲಿ ಕೇಳುವವರು ಆಷಾಢದ ಮುಂಚೆ ಕೇಳುವವರಿಗಿಂತ ಹೆಚ್ಚು ಅವಸರದಲ್ಲಿರುತ್ತಾರೆ, ಆದ್ದರಿಂದ ಅದರಲ್ಲಿ ಎಷ್ಟು ಪಾಲು ಉತ್ತರದ್ದು, ಎಷ್ಟು ಪಾಲು ಕಾಲದ್ದು ಎಂದು ಬೇರ್ಪಡಿಸಲು ನನ್ನಿಂದಾಗಿಲ್ಲ. ಆ 15 ಜನರ ಸಂದೇಶಗಳನ್ನು ಮತ್ತೆ ಓದಿದಾಗ, ಆರು ಜನ ಇನ್ನೂ ಮುಹೂರ್ತವನ್ನೇ ಇಡಿಸದವರೆಂದು ಅವರ ಮಾತಿನಲ್ಲೇ ಇತ್ತು. ಹೆಣ್ಣು ನೋಡುವ ಶಾಸ್ತ್ರ ಮುಗಿದಿದೆ, ಪುರೋಹಿತರನ್ನು ಇನ್ನೂ ಕೇಳಿಲ್ಲ. ಅವರಿಗೆ ದಿನಾಂಕದ ಪ್ರಶ್ನೆ ಹಾಕಿದರೆ ಗೋಡೆಗೆ ಮುಖ ಮಾಡಿಸಿದಂತೆ. ಅವರಿಗಾಗಿ ಐದನೆಯದೊಂದನ್ನು ಬರೆದಿದ್ದೇನೆ. ತಿಂಗಳನ್ನು ಮಾತ್ರ ಕೇಳಿ, ಆ ತಿಂಗಳಲ್ಲಿ ನನಗೆ ಈಗಾಗಲೇ ಹೋಗಿರುವ ಬೆಳಗುಗಳನ್ನು ತಿಳಿಸಿ, ಮುಹೂರ್ತ ಇಡಿಸಿದ ದಿನ ಒಂದು ಸಂದೇಶ ಹಾಕಿ ಎನ್ನುವುದು ಅದರ ಸಾರ. `/tingalu` ಎಂಬ ಹೆಸರಿನಲ್ಲಿ ನಿನ್ನೆ ಉಳಿಸಿದ್ದೇನೆ, ಇನ್ನೂ ಯಾರಿಗೂ ಹೋಗಿಲ್ಲ.